ಹೆಬ್ಬೆರಳಿನ ಕೆಳಗಿನ ವಾಕ್ಯ

ಮಕ್ಕಳು ಅವರಿಗೆ ಕತ್ತರಿ ಟೀಚರ್ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗಿತ್ತು! ಏನಿದ್ದರೂ ಬೆನ್ನ ಹಿಂದೆ. ಟೀಚರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಒಳಗೊಳಗೇ ಖುಷಿಯಿತ್ತು. ಏಕೆಂದರೆ ಅದೇ ಶಾಲೆಯಲ್ಲಿ, ಅದೇ ಮೂಲೆಯ ಕೋಣೆಯಲ್ಲಿ ಅವರು ಒಂಬತ್ತನೇ ತರಗತಿಯ ಹುಡುಗಿಯಾಗಿ ಕೂತಿದ್ದಾಗ ಭಾಷೆ ಕಲಿಸಿದ ಕತ್ತರಿ ಮೇಷ್ಟ್ರ ಹೆಸರು ಅದು. ಮೇಷ್ಟ್ರು ನಿವೃತ್ತರಾದಾಗ ಕುರ್ಚಿ ಇವರಿಗೆ ಬಂತು, ಕುರ್ಚಿಯ ಜೊತೆಗೆ ಹೆಸರೂ ಬಂತು. ಈಗ ಮೂವತ್ತೊಂದು ವರ್ಷದ ಮೇಲೆ ಟೀಚರೇ ನಿವೃತ್ತರಾಗುವ ತಿಂಗಳು.

ಇಬ್ಬರೂ ಕತ್ತರಿಸುತ್ತಿದ್ದದ್ದು ಮಾತನ್ನು. ಪರೀಕ್ಷೆಯಲ್ಲಿ ಎಂಟು ಅಂಕಕ್ಕೆ ಒಂದು ಪ್ರಶ್ನೆ ಬರುತ್ತದೆ: ಕೊಟ್ಟ ಗದ್ಯಭಾಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಸ್ವಂತ ವಾಕ್ಯಗಳಲ್ಲಿ ಸಾರಾಂಶ ಬರೆದು, ತಕ್ಕ ಶೀರ್ಷಿಕೆ ಕೊಡಿ. ಮಕ್ಕಳು ಅತಿ ಹೆಚ್ಚು ಹೆದರುವುದು ಇದಕ್ಕೇ. ಬಾಯಿಪಾಠ ಮಾಡಿಕೊಂಡು ಹೋಗಲು ಏನೂ ಇಲ್ಲವಲ್ಲ! ಕೆಲವರು ಮೊದಲ ನಾಲ್ಕು ಸಾಲು, ಕೊನೆಯ ನಾಲ್ಕು ಸಾಲು ಎತ್ತಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇನ್ನು ಕೆಲವರು ಸಾರಾಂಶವನ್ನು ಮೂಲಕ್ಕಿಂತ ಉದ್ದ ಬರೆಯುತ್ತಾರೆ. ಅವರ ಬಗ್ಗೆ ಏನು ಹೇಳೋಣ.

ಟೀಚರ್ ತಿದ್ದುವ ಕ್ರಮ ಶಾಲೆಗೆಲ್ಲ ಗೊತ್ತು. ಮೊದಲು ಪದ ಎಣಿಕೆ. ಇನ್ನೂರಹತ್ತು ಪದಕ್ಕೆ ಎಪ್ಪತ್ತು. ಐದು ಹೆಚ್ಚುಕಡಿಮೆಯಾದರೆ ಮಾಫಿ. ಆಮೇಲೆ ಮುಖ್ಯಾಂಶ ಸಿಕ್ಕಿದಲ್ಲೆಲ್ಲ ಅಂಚಿನಲ್ಲಿ ಒಂದು, ಎರಡು, ಮೂರು ಎಂದು ಸಂಖ್ಯೆ. ಐದು ಅಂಶಕ್ಕೆ ಐದು ಅಂಕ. ಮೂಲದಿಂದ ಹಾಗೇ ಇಳಿಸಿದ ವಾಕ್ಯದ ಕೆಳಗೆ ಕೆಂಪು ಅಲೆಗೆರೆ. ಸ್ವಂತ ಮಾತಿಗೆ ಎರಡು ಅಂಕ, ಅಲೆಗೆರೆ ಹೆಚ್ಚಿದಷ್ಟೂ ಅದು ಕರಗುತ್ತದೆ. ಶೀರ್ಷಿಕೆಗೆ ಒಂದು.

ಯಾವುದು ಮುಖ್ಯಾಂಶ, ಯಾವುದು ಬರೀ ವಿವರ ಎಂದು ತಿಳಿಯಲು ಮೇಷ್ಟ್ರು ಕಲಿಸಿದ ಒಂದು ಉಪಾಯವಿತ್ತು. ಅನುಮಾನ ಬಂದ ವಾಕ್ಯದ ಮೇಲೆ ಹೆಬ್ಬೆರಳಿಡಿ, ಅದು ಕಾಣದ ಹಾಗೆ ಮುಚ್ಚಿ. ಉಳಿದದ್ದನ್ನು ಓದಿ. ಗದ್ಯ ನಿಂತರೆ ಅದು ವಿವರ, ಬಿಟ್ಟುಬಿಡಿ. ಗದ್ಯ ಕುಸಿದರೆ ಅದು ಮುಖ್ಯ, ಹಿಡಿದುಕೊಳ್ಳಿ. ಟೀಚರ್ ಈ ಪಾಠವನ್ನು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದರೋ ಅವರಿಗೇ ಲೆಕ್ಕವಿಲ್ಲ.

ಆ ಕತ್ತರಿ ಮನೆಗೂ ಬಂದಿತ್ತು. ಯಜಮಾನರು ಪೇಟೆಯಿಂದ ಬಂದು, "ಇವತ್ತು ಯಾರು ಸಿಕ್ಕಿದ್ರು ಗೊತ್ತಾ..." ಎಂದು ಬಾಯಿ ತೆರೆದರೆ ಸಾಕು, ಟೀಚರ್ "ಮುಖ್ಯಾಂಶ ಹೇಳಿ" ಎನ್ನುತ್ತಿದ್ದರು. ಯಜಮಾನರು, "ಮೂರನೇ ಒಂದು ಭಾಗ ಹೆಂಡ್ತಿ ಸಿಕ್ಕಿದ್ದಾಳೆ ನಂಗೆ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಅಮ್ಮ ಬದುಕಿದ್ದಾಗ ಫೋನು ಮಾಡಿದರೆ ಬೆಳಗ್ಗೆ ಹಾಲು ಉಕ್ಕಿದ್ದರಿಂದ ಶುರುಮಾಡಿ, ಪಕ್ಕದ ಮನೆಯಾಕೆಯ ಮಂಡಿನೋವಿಗೆ ಹೋಗಿ, ಎಲ್ಲೆಲ್ಲೋ ಸುತ್ತುತ್ತಿದ್ದಳು. "ಏನ್ ವಿಷಯ ಅಂತ ಹೇಳಮ್ಮ, ಪೇಪರ್ ಕೂತಿವೆ" ಎಂದು ಅವಳನ್ನೂ ಕತ್ತರಿಸಿದ್ದುಂಟು. ಈಗ ಆ ಫೋನು ಬರುವುದಿಲ್ಲ.

ಕೊನೆಯ ಕಿರುಪರೀಕ್ಷೆಗೆ ಟೀಚರ್ ಬೇಕೆಂದೇ ದೋಣಿ, ಸೇತುವೆಯ ಗದ್ಯಭಾಗ ಆರಿಸಿದರು. ಮೇಷ್ಟ್ರ ಕಾಲದ್ದು ಅದು. ಮೂರು ನಾಲ್ಕು ವರ್ಷಕ್ಕೊಮ್ಮೆ, ಹಳೇ ಮಕ್ಕಳು ಹೊಸಬರಿಗೆ ಉತ್ತರ ದಾಟಿಸದಷ್ಟು ಅಂತರ ಬಿಟ್ಟು, ಕೊಡುತ್ತಿದ್ದರು. ತಾವೂ ಹುಡುಗಿಯಾಗಿದ್ದಾಗ ಅದಕ್ಕೆ ಸಾರಾಂಶ ಬರೆದಿದ್ದರು. ಅದರ ಉತ್ತರಸೂಚಿ ದಪ್ಪ ರಟ್ಟಿನ ಮೇಲೆ ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ ಕಪಾಟಿನಲ್ಲಿತ್ತು. ಒಂದು, ನದಿ ಊರನ್ನು ಎರಡಾಗಿಸಿತ್ತು. ಎರಡು, ದಾಟಲು ದೋಣಿಯೊಂದೇ ದಾರಿ. ಮೂರು, ಪ್ರವಾಹದಲ್ಲಿ ದೋಣಿ ನಿಂತು ಜನರಿಗೆ ತೊಂದರೆ. ನಾಲ್ಕು, ಸೇತುವೆ ಬಂದು ಓಡಾಟ, ವ್ಯಾಪಾರ ಹೆಚ್ಚಿತು. ಐದು, ದೋಣಿ ನಿಂತುಹೋಯಿತು. ಶೀರ್ಷಿಕೆ: ಸೇತುವೆಯ ಉಪಯೋಗ.

ನಲವತ್ತೊಂದು ಪತ್ರಿಕೆಗಳನ್ನು ಟೀಚರ್ ಎರಡು ದಿನದಲ್ಲಿ ತಿದ್ದಿ ಮುಗಿಸಿದರು. ಶುಕ್ರವಾರ ತರಗತಿಯಲ್ಲಿ ಹಂಚಿದರು. ಅಂಕಪಟ್ಟಿಗೆ ಏರಿಸುವ ಮೊದಲು ಮಕ್ಕಳು ತಮ್ಮ ಪತ್ರಿಕೆ ನೋಡಿ, ಕೂಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕಿ ವಾಪಸು ಕೊಡುವುದು ಅಲ್ಲಿನ ಪದ್ಧತಿ. ಆ ಇಪ್ಪತ್ತು ನಿಮಿಷ ಮೇಜಿನ ಸುತ್ತ ಸಂತೆ. ಅರ್ಧ ಅಂಕಕ್ಕೆ ಅಳುವವರು, ಕಾಲು ಅಂಕಕ್ಕೆ ಗೋಗರೆಯುವವರು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಹಿಂದಿನ ಬೆಂಚಿನ ವಟವಟ. ಆ ಹೆಸರು ಟೀಚರೇ ಇಟ್ಟದ್ದು. ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ, ಬರೆಯಲು ಕೂತರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ. ಎರಡು ಕಿರುಪರೀಕ್ಷೆಯಲ್ಲಿ ಆಗಲೇ ನಪಾಸು. ಮೂರನೆಯದರಲ್ಲೂ ಹೋದರೆ ವಾರ್ಷಿಕ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ, ಇದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕು ಎಂದು ಹೆಡ್‌ಮಾಸ್ಟರು ಅವಳ ಅಮ್ಮನನ್ನು ಕರೆಸಿ ಹೇಳಿದ್ದರು. ಇಪ್ಪತ್ತೈದಕ್ಕೆ ಒಂಬತ್ತು ಬಂದರೆ ಪಾಸು. ಅವಳಿಗೆ ಬಂದದ್ದು ಎಂಟು: ವ್ಯಾಕರಣದಲ್ಲಿ ಸೊನ್ನೆ, ಪಾಠದ ಪ್ರಶ್ನೆಗಳಲ್ಲಿ ಮೂರು, ಸಾರಾಂಶದಲ್ಲಿ ಐದು.

"ಏನೇ, ಒಂದ್ ಅಂಕ ಬೇಕಾ?" ಎಂದರು ಟೀಚರ್, ಪುಸ್ತಕ ಜೋಡಿಸುತ್ತ. "ಕೇಳೋಕೆ ಬಂದ್ರೆ ಕೊಡೋಕೆ ಇದೇನು ತರಕಾರಿ ಅಂಗಡಿನಾ?"

"ಅಂಕ ಕೇಳ್ತಿಲ್ಲ ಟೀಚರ್." ಹುಡುಗಿ ಪತ್ರಿಕೆಯ ಕೊನೆಯ ಸಾಲುಗಳನ್ನು ತೋರಿಸಿದಳು. "ಇಲ್ಲಿ ಗೆರೆ ಹೊಡೆದು 'ಇದು ವಿವರ' ಅಂತ ಬರ್ದಿದ್ದೀರಲ್ಲ. ಇದ್ಯಾಕೆ ಮುಖ್ಯ ಅಲ್ಲ?"

"ಕೀ ಆನ್ಸರಲ್ಲಿ ಇಲ್ಲ."

"ಅದು ಗೊತ್ತು ಟೀಚರ್. ಆದ್ರೆ ಯಾಕಿಲ್ಲ? ನಾನು ಬೆರಳಿಟ್ಟು ನೋಡ್ದೆ. ನೀವ್ ಹೇಳ್ಕೊಟ್ಟಂಗೇ ನೋಡ್ದೆ."

ಟೀಚರ್ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. "ಪತ್ರಿಕೆ ಇಲ್ಲಿಟ್ಟು ಹೋಗು, ನೋಡ್ತೀನಿ" ಎಂದರು. ಹುಡುಗಿ ಸಹಿ ಹಾಕದೆ ಪತ್ರಿಕೆಯಿಟ್ಟು ಹೋದಳು.

ಸ್ಟಾಫ್‌ರೂಮಿನ ಉದ್ದ ಮೇಜಿನ ಮೇಲೆ ಟೀಚರ್ ಅದನ್ನು ಮತ್ತೆ ಬಿಡಿಸಿದರು. ಅಲೆಗೆರೆ ಒಂದೂ ಇಲ್ಲ. ಒಂದು ವಾಕ್ಯವನ್ನೂ ಹುಡುಗಿ ಎತ್ತಿ ಬರೆದಿರಲಿಲ್ಲ. ಮೊದಲ ಎರಡು ಅಂಶಗಳನ್ನು ಒಂದೇ ವಾಕ್ಯದಲ್ಲಿ ಹಿಡಿದಿದ್ದಳು. ಸೇತುವೆಯೂ ವ್ಯಾಪಾರವೂ ಇನ್ನೊಂದು ವಾಕ್ಯದಲ್ಲಿ ಮುಗಿದಿತ್ತು. ಪ್ರವಾಹವನ್ನು ಬಿಟ್ಟಿದ್ದಳು. ದೋಣಿ ನಿಂತದ್ದನ್ನೂ ಬಿಟ್ಟಿದ್ದಳು. ಆಮೇಲೆ ಹೀಗಿತ್ತು: "ಮುಂಚೆ ದೋಣಿ ಬರುವ ತನಕ ಎಲ್ಲರೂ ಒಂದೇ ಕಡೆ ಕೂರಬೇಕಿತ್ತು. ಕೂತಾಗ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಈಗ ಯಾರೂ ಕಾಯುವುದಿಲ್ಲ, ಅದಕ್ಕೇ ಯಾರಿಗೂ ಯಾರೂ ಗೊತ್ತಿಲ್ಲ." ಶೀರ್ಷಿಕೆ: ಕಾಯುತ್ತಿದ್ದ ದಡ. ಅದರ ಪಕ್ಕ ಟೀಚರ ಕೆಂಪು ಸೊನ್ನೆ.

ಎದುರಿಗೆ ಕೂತಿದ್ದ ಲೆಕ್ಕದ ಮೇಷ್ಟ್ರು ಇಣುಕಿ ನೋಡಿದರು. "ಒಂದ್ ಅಂಕ ತಾನೆ ಟೀಚರೇ, ಹಾಕ್ಬಿಡಿ. ಹೋಗೋ ಕಾಲದಲ್ಲಿ ಯಾಕೆ ಆ ಮಗು ಶಾಪ?"

"ಕರುಣೆಗೆ ಅಂಕ ಹಾಕಿದ್ರೆ ಉಳಿದ ನಲವತ್ತು ಮಕ್ಕಳು ಏನ್ ಪಾಪ ಮಾಡಿದ್ವು? ತಪ್ಪಿದ್ರೆ ತಪ್ಪು, ಸರಿ ಇದ್ರೆ ಸರಿ."

"ಹಾಗಾದ್ರೆ ಸರಿ ಇದೆಯೋ ತಪ್ಪಿದೆಯೋ?"

"ಅದೇ ಗೊತ್ತಾಗ್ತಿಲ್ಲ ಕಣ್ರೀ!"

ಲೆಕ್ಕದ ಮೇಷ್ಟ್ರು ಕನ್ನಡಕ ತೆಗೆದು ಅವರನ್ನೇ ನೋಡಿದರು. ಮೂವತ್ತೊಂದು ವರ್ಷದಲ್ಲಿ ಈ ಹೆಂಗಸಿನ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. "ನಮ್ ಲೆಕ್ಕದಲ್ಲಿ ಈ ಗೋಳಿಲ್ಲಪ್ಪ" ಎಂದು ಗೊಣಗಿ ಚಹಾ ತರಲು ಎದ್ದು ಹೋದರು.

ಟೀಚರ್ ಉತ್ತರಸೂಚಿಯನ್ನು ಬೋರಲು ಹಾಕಿ ಗದ್ಯಭಾಗವನ್ನು ಮಾತ್ರ ಎದುರಿಗಿಟ್ಟುಕೊಂಡರು. ಮೂರು ಪ್ಯಾರಾ. ಮೊದಲನೆಯದು ನದಿ, ದೋಣಿ. ಎರಡನೆಯದು ಪ್ರವಾಹ, ಸೇತುವೆ, ವ್ಯಾಪಾರ, ದೋಣಿ ನಿಂತದ್ದು. ಮೂರನೆಯದು 'ಆದರೆ' ಎಂದು ಶುರುವಾಗುತ್ತಿತ್ತು. "ಆದರೆ ದೋಣಿಗಾಗಿ ಕಾಯುತ್ತಿದ್ದ ದಡದಲ್ಲಿ ಊರು ತನ್ನನ್ನು ತಾನು ಕಾಣುತ್ತಿತ್ತು. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಗೋಡೆ ಬಿತ್ತು, ಎಲ್ಲವೂ ಅಲ್ಲಿ ತಿಳಿಯುತ್ತಿತ್ತು. ಈಗ ಎರಡು ದಡದವರು ಸೇತುವೆಯ ಮೇಲೆ ದಿನವೂ ಎದುರಾಗುತ್ತಾರೆ, ಗುರುತು ಸಿಗದೆ ದಾಟಿ ಹೋಗುತ್ತಾರೆ."

ಒಂದು ಹೆಬ್ಬೆರಳು ಸಾಲಲಿಲ್ಲ, ಅಂಗೈಯಿಟ್ಟೇ ಆ ಪ್ಯಾರಾ ಮುಚ್ಚಿದರು. ಉಳಿದದ್ದನ್ನು ಓದಿದರು. ನದಿ ಇತ್ತು, ದೋಣಿ ಇತ್ತು, ಸೇತುವೆ ಬಂತು, ಒಳ್ಳೆಯದಾಯಿತು. ಸರಿ, ಅದಕ್ಕೇನೀಗ? ಅಷ್ಟನ್ನು ಹೇಳಲು ಒಬ್ಬರು ಕೂತು ಯಾಕೆ ಬರೆಯಬೇಕಿತ್ತು? ಸಾವಿರಾರು ಮಕ್ಕಳಿಗೆ ಬೆರಳಿಡಲು ಹೇಳಿದ ತಾವು ಈ ಗದ್ಯದ ಮೇಲೆ ಒಂದು ಸಲವೂ ಬೆರಳಿಟ್ಟಿರಲಿಲ್ಲ. ಉತ್ತರ ಕೈಯಲ್ಲೇ ಇರುವಾಗ ಬೆರಳಿಡುವವರು ಯಾರು?

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅಂದು ಸಂಜೆ ಮನೆಗೆ ಹೋದವರೇ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ, ಒಂಬತ್ತನೇ ತರಗತಿಯ ಸಾರಾಂಶದ ನೋಟುಪುಸ್ತಕ ಹುಡುಕಿದರು. ಸಿಕ್ಕಿತು. ನೀಲಿ ಶಾಯಿ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಅಂಶಗಳಿಗೆ ಮೇಷ್ಟ್ರ ಸಂಖ್ಯೆ. ಐದನೆಯ ಜಾಗದಲ್ಲಿ ಹದಿನಾಲ್ಕರ ಹುಡುಗಿ ಬರೆದಿದ್ದಳು: "ದಡದಲ್ಲಿ ಕಾಯುವಾಗ ಎಲ್ಲರೂ ನೆಂಟರಂತೆ ಇದ್ದರು." ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ, "ಇದು ವಿವರ. ಮುಖ್ಯಾಂಶವಲ್ಲ." ಎಂಟಕ್ಕೆ ಏಳು.

ಆ ದಿನ ಹೇಗೆ ಅತ್ತಿದ್ದೆ ಎಂಬುದು ಟೀಚರಿಗೆ ನೆನಪಾಯಿತು. ಅಂಕಕ್ಕಲ್ಲ. ಆ ಗದ್ಯದಲ್ಲಿ ತನಗೆ ಅತಿ ಇಷ್ಟವಾದ ಮಾತು ಅದೊಂದೇ ಆಗಿತ್ತು. ತನಗೆ ಇಷ್ಟವಾದದ್ದು ಮುಖ್ಯವಲ್ಲ ಎಂದು ಆವತ್ತು ಕಲಿತದ್ದು. ಚೆನ್ನಾಗಿಯೇ ಕಲಿತೆ ಎಂದುಕೊಂಡರು. ಎಷ್ಟು ಚೆನ್ನಾಗಿ ಎಂದರೆ, ಹಾಲು ಉಕ್ಕಿದ ಕಥೆ ಹೇಳಲು ಫೋನು ಮಾಡಿದ ಅಮ್ಮನಿಗೆ ಏನು ವಿಷಯ ಎಂದು ಕೇಳುವಷ್ಟು. ಟೀಚರಿಗೆ ಪೆಟ್ಟಿಗೆಯ ಮುಂದೆಯೇ ಕಣ್ಣು ತುಂಬಿತು. ಯಜಮಾನರು ಬಾಗಿಲಲ್ಲಿ ನಿಂತು, "ಏನಾಯ್ತೇ?" ಎಂದರು.

"ದೊಡ್ಡ ಕಥೆ" ಎಂದರು ಟೀಚರ್.

"ಪೂರ್ತಿ ಹೇಳು. ನಂಗೇನ್ ಪೇಪರ್ ತಿದ್ದೋದಿದೆಯಾ?" ಎಂದು ಯಜಮಾನರು ಅಲ್ಲೇ ನೆಲದ ಮೇಲೆ ಕೂತರು.

ಸೋಮವಾರ ಬೆಳಗ್ಗೆ ಅಂಕಪಟ್ಟಿ ಹೆಡ್‌ಮಾಸ್ಟರ ಮೇಜಿಗೆ ಹೋಗಬೇಕಿತ್ತು. ಶನಿವಾರ ಮಧ್ಯಾಹ್ನ ಟೀಚರ್ ಪತ್ರಿಕೆ, ರಟ್ಟು, ನೋಟುಪುಸ್ತಕ ಚೀಲಕ್ಕೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೊರಟರು. ಮೇಷ್ಟ್ರಿಗೆ ತೊಂಬತ್ತೊಂದು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿ ಮಾತ್ರ ಹಾಗೇ ಇತ್ತು. ಸೊಸೆ ಬಾಗಿಲು ತೆರೆದು, "ಮಾವ, ನಿಮ್ ಕತ್ತರಿ ಬಂದಿದೆ" ಎಂದು ಕೂಗಿ ಒಳಗೆ ಹೋದಳು.

ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಮೇಷ್ಟ್ರು ನೆಟ್ಟಗೆ ಕೂತಿದ್ದರು. "ಬಾ ಮಗಳೇ. ಇನ್ನೂ ನಿವೃತ್ತಿ ಆಗಿಲ್ವಾ? ಯಾವಾಗ್ಲೂ ಚೀಲದ ಸದ್ದು."

"ಒಂದ್ ಸಾರಾಂಶ ಓದ್ತೀನಿ ಸಾರ್, ಕೇಳಿ."

ಓದಲು ಶುರುಮಾಡಿದ ಕೂಡಲೇ ಮೇಷ್ಟ್ರ ಬಲಗೈ ಬೆರಳು ಮಂಡಿಯ ಮೇಲೆ ಕದಲತೊಡಗಿತು. ಹೆಬ್ಬೆರಳು ಒಂದೊಂದೇ ಗೆಣ್ಣು ಮುಟ್ಟುತ್ತ ಪದ ಎಣಿಸುತ್ತಿತ್ತು. ತರಗತಿಯಲ್ಲಿ ಯಾರಾದರೂ ಓದುವಾಗ ಮೇಷ್ಟ್ರು ಹೀಗೇ ಎಣಿಸುತ್ತಿದ್ದರು; ಮೊದಲ ಬೆಂಚಿನವರು ಓದುವವನನ್ನು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದರು. ಟೀಚರ್ ಮುಗಿಸಿದರು.

"ಎಪ್ಪತ್ತೆರಡು" ಎಂದರು ಮೇಷ್ಟ್ರು. "ಎರಡು ಜಾಸ್ತಿ. ಮಾಫಿ. ಎಷ್ಟು ಕೊಟ್ಟೆ?"

"ಐದು. ಕೊನೇದನ್ನ ವಿವರ ಅಂತ ಗೆರೆ ಹೊಡೆದೆ. ಕೀ ಆನ್ಸರಲ್ಲಿ ಹಾಗೇ ಇದೆ. ನೀವೇ ಬರ್ದಿದ್ದು. ಆ ಹುಡುಗಿ ಯಾಕೆ ಅಂತ ಕೇಳಿದ್ಲು, ನಂಗೆ ಉತ್ತರ ಗೊತ್ತಿಲ್ಲ. ನಿನ್ನೆ ಆ ಪ್ಯಾರಾ ಮೇಲೆ ಕೈಯಿಟ್ಟು ನೋಡ್ದೆ ಸಾರ್. ಗದ್ಯ ಬಿದ್ದೋಗುತ್ತೆ. ಇದನ್ನ ಬರೆದವರು ಯಾರೋ ಏನೋ, ಅವರ ಪುಸ್ತಕ ಸಿಕ್ಕಿದ್ರೆ..."

"ಪುಸ್ತಕ ಎಲ್ಲಿಂದ ಸಿಗುತ್ತೆ. ಬರೆದವನು ನಾನೇ."

ಟೀಚರ್ ಪತ್ರಿಕೆಯನ್ನು ಮಡಿಲಿಗಿಳಿಸಿದರು.

"ಆ ವರ್ಷ ಪರೀಕ್ಷೆಗೆ ಒಳ್ಳೇ ಗದ್ಯ ಸಿಗ್ಲಿಲ್ಲ. ಒಂದು ಬೆಳಗ್ಗೆ ಕೂತು ನಾನೇ ಬರೆದೆ." ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಆ ದೋಣಿ ನಮ್ಮಪ್ಪಂದು. ಸ್ಕೂಲಲ್ಲಿ ಯಾರಿಗೂ ಹೇಳಿರ್ಲಿಲ್ಲ. ಶಾಲು ಹೊದ್ದು ಪಾಠ ಮಾಡೋ ಮೇಷ್ಟ್ರು ಹುಟ್ಟು ಹಾಕೋನ ಮಗ ಅಂತ ಗೊತ್ತಾದ್ರೆ ಏನಂದ್ಕೊಂಡಾರೋ ಅನ್ನೋ ನಾಚಿಕೆ. ಆ ದಡದಲ್ಲಿ ಅಪ್ಪನ ಬಾಯಿ ಸುಮ್ನಿರ್ತಿರ್ಲಿಲ್ಲ. ಈ ದಡದ ಸುದ್ದಿ ಆ ದಡಕ್ಕೆ, ಆ ದಡದ್ದು ಈ ದಡಕ್ಕೆ. ಸೇತುವೆ ಬಂತು. ದೋಣಿ ಹೋಯ್ತು, ಅದು ಸರಿ, ಹೋಗ್ಲೇಬೇಕಿತ್ತು. ಅಪ್ಪ ಮಾತ್ರ ಮನೇಲಿ ಕೂತು ಮಾತೇ ನಿಲ್ಲಿಸ್ಬಿಟ್ಟ."

"ಮತ್ತೆ ಕೀ ಆನ್ಸರಲ್ಲಿ ಯಾಕೆ ಬಿಟ್ರಿ ಸಾರ್?"

"ನಮ್ಮಪ್ಪನ ಮೇಲೆ ನಾನೇ ಬರೆದು, ನಾನೇ ಅದು ಮುಖ್ಯ ಅಂದ್ಕೊಂಡು, ನಾನೇ ಅಂಕ ಕೊಟ್ರೆ ಪಕ್ಷಪಾತ ಆಗುತ್ತೆ ಅಂದ್ಕೊಂಡೆ. ನ್ಯಾಯ ಮಾಡ್ತಿದ್ದೀನಿ ಅನ್ನೋ ಜಂಬ ಬೇರೆ. ಸೇತುವೆ ಉಪಯೋಗ ಅಂತ ಶೀರ್ಷಿಕೆ ಕೊಟ್ಟೆ." ಮೇಷ್ಟ್ರು ಬೆರಳಿಂದ ಮಂಡಿಯ ಮೇಲೆ ಒಂದು ಗೆರೆ ಎಳೆದರು. "ಅಪ್ಪನ್ನ ವಿವರ ಮಾಡ್ಬಿಟ್ಟೆ ಮಗಳೇ. ಕೆಂಪು ಶಾಯಿಯಲ್ಲಿ."

ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಟೀಚರ್ ಮೇಷ್ಟ್ರ ಕೈ ಹಿಡಿದುಕೊಂಡರು. ಅಷ್ಟು ವರ್ಷ ತಾವು ಹೆದರಿದ್ದ ಕೈ ಅದು, ಹಗುರವಾಗಿ, ಬೆಚ್ಚಗಿತ್ತು.

"ಅದಕ್ಕೆ ಅಂಕ ಹಾಕು" ಎಂದರು ಮೇಷ್ಟ್ರು. "ಆದ್ರೆ ಒಬ್ಳಿಗೇ ಅಲ್ಲ. ಆರು ಅಂಶ ಮಾಡು, ಆರರಲ್ಲಿ ಯಾವ್ದಾದ್ರೂ ಐದಕ್ಕೆ ಐದು. ಎಲ್ಲಾ ಪತ್ರಿಕೆ ತಿರುಗಿ ನೋಡು. ಮೊದಲು ಸರಿ ಅಂದಿದ್ದನ್ನ ಯಾರದ್ದೂ ಕೀಳ್ಬೇಡ, ಅವರು ನಂಬಿ ಬರ್ದಿದ್ದಾರೆ. ಈಗ ಇನ್ನೊಂದ್ ಸಲ ಓದು."

ಟೀಚರ್ ಮತ್ತೆ ಓದಿದರು. ಈ ಸಲ ಮೇಷ್ಟ್ರ ಬೆರಳು ಕದಲಲಿಲ್ಲ.

ಹೊರಡುವ ಮುಂಚೆ ಟೀಚರಿಗೆ ತಡೆಯಲಾಗಲಿಲ್ಲ. ಅರವತ್ತು ವರ್ಷದ ಹೆಂಗಸು, ಮೊಮ್ಮಕ್ಕಳನ್ನು ಕಂಡವರು, ಚೀಲದಿಂದ ಹಳೇ ನೋಟುಪುಸ್ತಕ ತೆಗೆದು ಮಗುವಿನಂತೆ ಮುಂದೆ ಹಿಡಿದರು. "ಸಾರ್, ನಾನೂ ಬರ್ದಿದ್ದೆ. ನೆಂಟರಂತೆ ಇದ್ರು ಅಂತ. ನಂದೂ ಒಂದ್ ಅಂಕ ಹೋಗಿದೆ."

ಮೇಷ್ಟ್ರು ನಕ್ಕರು. "ನೆನಪಿದೆ. ಆ ವರ್ಷ ಅದನ್ನ ಹಿಡಿದೋಳು ನೀನೊಬ್ಳೇ. ಗೆರೆ ಹೊಡೆಯೋ ಮುಂಚೆ ಮೂರು ಸಲ ಓದಿದ್ದೆ. ಮಾರನೇ ದಿನ ನೀನು ಬಂದು ಯಾಕೆ ಅಂತ ಕೇಳ್ತೀಯ ಅಂದ್ಕೊಂಡು ಕಾಯ್ತಿದ್ದೆ. ಕೇಳಿದ್ರೆ ಕೊಡೋಣ ಅಂತ."

"ನಾನು ಕೇಳ್ಲೇ ಇಲ್ಲ."

"ಕೇಳ್ಲೇ ಇಲ್ಲ. ತುಟಿ ಪಿಟಿಕ್ಕೆನ್ನದೆ ಹೋಗಿ ಕೂತ್ಬಿಟ್ಟೆ." ಮೇಷ್ಟ್ರು ನೋಟುಪುಸ್ತಕವನ್ನು ಮುಟ್ಟಿ ನೋಡಿ, ಹಾಗೇ ಮಡಚಿ ಅವರ ಕೈಗಿಟ್ಟರು. "ಅದಕ್ಕೇ ಈಗ ಕೊಡಲ್ಲ. ಕೇಳಿದೋಳು ಆ ಹುಡುಗಿ. ಅಂಕ ಅವಳಿಗೆ."

ದಾರಿಯುದ್ದಕ್ಕೂ ಟೀಚರಿಗೆ ನಗು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬರುತ್ತಿತ್ತು. ತಾನು ಅವರ ಭಯಕ್ಕೆ ಕೇಳಲಿಲ್ಲ, ಅವರು ನಾಚಿಕೆಗೆ ಹೇಳಲಿಲ್ಲ. ನಲವತ್ತಾರು ವರ್ಷ ಇಬ್ಬರೂ ಒಂದು ವಾಕ್ಯದ ಎರಡು ಕಡೆ ಕೂತಿದ್ದರು.

ಭಾನುವಾರ ಯಜಮಾನರು ಅಡುಗೆ ಮಾಡಿದರು, ಟೀಚರ್ ನಲವತ್ತೊಂದು ಪತ್ರಿಕೆಗಳನ್ನು ತಿರುಗಿ ತಿದ್ದಿದರು. ರಟ್ಟಿನ ಮೇಲೆ ಮೇಷ್ಟ್ರ ಅಕ್ಷರದ ಕೆಳಗೆ ತಮ್ಮ ಅಕ್ಷರದಲ್ಲಿ ಆರನೆಯ ಅಂಶ ಬರೆದರು. ದಡದ ಮಾತು ಹಿಡಿದವರು ಇನ್ನೂ ಇಬ್ಬರಿದ್ದರು. ಮೊದಲು ಆ ವಾಕ್ಯಗಳ ಮೇಲೆ ಗೆರೆ ಹೊಡೆದದ್ದು ಟೀಚರಿಗೆ ನೆನಪೂ ಇರಲಿಲ್ಲ. ವಟವಟಳಿಗೆ ದಡಕ್ಕೆ ಒಂದು, ಶೀರ್ಷಿಕೆಗೆ ಒಂದು. ಎಂಟಿದ್ದದ್ದು ಹತ್ತಾಯಿತು.

ಸೋಮವಾರ ಮೊದಲ ಗಂಟೆಗೂ ಮುಂಚೆ ಟೀಚರ್ ಅವಳನ್ನು ಕರೆದು ಪತ್ರಿಕೆ ಕೊಟ್ಟರು. ಹುಡುಗಿ ಎರಡೆರಡು ಸಲ ಕೂಡಿ ನೋಡಿದಳು. ಕಣ್ಣೀರು ಪಟಪಟನೆ ಪತ್ರಿಕೆಯ ಮೇಲೇ ಬಿತ್ತು.

"ಅಯ್ಯೋ, ಶಾಯಿ ಕಲಸೋಗುತ್ತೆ ಕಣೇ, ಆಮೇಲೆ ಹೆಡ್‌ಮಾಸ್ಟರಿಗೆ ಏನ್ ತೋರಿಸ್ಲಿ? ಸಹಿ ಹಾಕು ಮೊದ್ಲು."

ಹುಡುಗಿ ಮೂಗೊರೆಸಿಕೊಂಡು ಸಹಿ ಹಾಕಿದಳು. "ಟೀಚರ್, ಪಾಪ ಅಂತ ಹಾಕಿದ್ರಾ?"

"ಇಲ್ಲ. ಸರಿ ಇದೆ ಅಂತ ಹಾಕ್ದೆ. ತಪ್ಪು ನಂದಿತ್ತು. ನೀನು ಕೇಳಿದ್ದಕ್ಕೆ ಗೊತ್ತಾಯ್ತು."

ಟೀಚರ್ ತಪ್ಪು ಎಂಬ ಮಾತು ಆಡಿದ್ದು ಕೇಳಿ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು. ಬಾಗಿಲ ತನಕ ಹೋದವಳು ತಿರುಗಿ ಬಂದಳು. "ಟೀಚರ್, ಆ ದೋಣಿಯವನು ಆಮೇಲೆ ಏನಾದ? ಗದ್ಯದಲ್ಲಿ ಇಲ್ಲ. ನಮ್ಮಜ್ಜನೂ ಹೀಗೇ, ಅಂಗಡಿ ಮುಚ್ಚಿದ ಮೇಲೆ... ಉದ್ದ ಇದೆ ಟೀಚರ್. ಮುಖ್ಯಾಂಶ ಹೇಳ್ಲಾ?"

ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಟೀಚರ್ ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕದ ಕುರ್ಚಿ ಎಳೆದರು.

"ಬೇಡ. ಪೂರ್ತಿ ಹೇಳು."